ನಾಯಿಯ ಮಲಬದ್ಧತೆ: ಮೂಳೆ, ನೀರಿನ ಕೊರತೆ ಮತ್ತು ಮನೆಮದ್ದಿನ ಮಿತಿ

ಆರೋಗ್ಯವಂತ ನಾಯಿ ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಬಾರಿ ಮಲ ವಿಸರ್ಜಿಸುತ್ತದೆ. ಮಲ ಮೆತ್ತಗಿದ್ದರೂ ಆಕಾರ ಉಳಿಸಿಕೊಂಡಿರುತ್ತದೆ, ಹೆಚ್ಚು ತಿಣುಕದೆ ಹೊರಬರುತ್ತದೆ. ವಿಸರ್ಜನೆ ಅಪರೂಪವಾಗಿ, ಮಲ ಒಣಗಿ ಗಟ್ಟಿಯಾಗಿ, ನಾಯಿ ಕಷ್ಟಪಡತೊಡಗಿದರೆ ಅದು ಮಲಬದ್ಧತೆ. ಒಂದು ಹೊತ್ತು ತಪ್ಪಿದ ಮಾತ್ರಕ್ಕೆ ಗಾಬರಿ ಬೇಕಿಲ್ಲ. ಆದರೆ ಎರಡು ದಿನ ಕಳೆದರೂ ಮಲ ಬರದಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು.

ದೊಡ್ಡ ಕರುಳಿನ ಮುಖ್ಯ ಕೆಲಸಗಳಲ್ಲಿ ಒಂದು, ಜೀರ್ಣವಾಗಿ ಉಳಿದ ಪದಾರ್ಥದಿಂದ ನೀರನ್ನು ಹೀರಿ ದೇಹಕ್ಕೆ ಮರಳಿಸುವುದು. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ನೀರು ಹೀರಲ್ಪಡುತ್ತದೆ. ಒಣಗಿದ ಮಲ ಮುಂದೆ ಸರಿಯುವುದಿಲ್ಲ. ಸರಿಯದ ಮಲ ಇನ್ನಷ್ಟು ಒಣಗುತ್ತದೆ. ತಿಣುಕುವಾಗ ನೋವಾದ ನಾಯಿ ಮಲವನ್ನು ತಡೆದುಕೊಳ್ಳತೊಡಗುತ್ತದೆ, ಅದರಿಂದ ತೊಂದರೆ ಮತ್ತೂ ಬಿಗಿಯಾಗುತ್ತದೆ. ಸಣ್ಣ ಮಲಬದ್ಧತೆ ಎರಡು ಮೂರು ದಿನಗಳಲ್ಲಿ ದೊಡ್ಡ ಅಡಚಣೆಯಾಗುವುದು ಹೀಗೆ.

ಮಾಂಸದೂಟ ಮಾಡುವ ಮನೆಗಳಲ್ಲಿ ಇದಕ್ಕೆ ಪದೇ ಪದೇ ಕಾಣುವ ಕಾರಣ ಮೂಳೆ. ನಾಯಿಯ ಹೊಟ್ಟೆಯ ಆಮ್ಲ ಮೂಳೆಯ ಸ್ವಲ್ಪ ಭಾಗವನ್ನು ಕರಗಿಸುತ್ತದೆ. ಆದರೆ ಹೆಚ್ಚು ಮೂಳೆ ತಿಂದಾಗ ಕರಗದ ಸುಣ್ಣದ ಅಂಶ ಪುಡಿಯಾಗಿ, ಚೂರುಗಳಾಗಿ ದೊಡ್ಡ ಕರುಳಿಗೆ ಬಂದು ಸೇರುತ್ತದೆ. ನೀರು ಹೀರಿದ ಮೇಲೆ ಈ ಪುಡಿ ಮಲದೊಂದಿಗೆ ಬೆರೆತು ಗಾರೆಯಂತೆ ಗಟ್ಟಿಯಾಗುತ್ತದೆ. ಬಿಳುಪು ಅಥವಾ ಬೂದು ಬಣ್ಣದ, ಮುಟ್ಟಿದರೆ ಸುಣ್ಣದ ಕಡ್ಡಿಯಂತೆ ಪುಡಿಯಾಗುವ ಮಲ ಕಂಡರೆ ಮೂಳೆ ಹೆಚ್ಚಾಗಿದೆ ಎಂದೇ ಅರ್ಥ. ಬೇಯಿಸಿದ ಮೂಳೆಯಲ್ಲಿ ಇನ್ನೊಂದು ಅಪಾಯವಿದೆ. ಬೆಂದ ಮೂಳೆ, ಅದರಲ್ಲೂ ಕೋಳಿಯದು, ಚೂಪಾಗಿ ಸೀಳುತ್ತದೆ. ಆ ಚೂರುಗಳು ಗುದನಾಳದ ಗೋಡೆಯನ್ನು ಗೀರಬಹುದು, ಅಪರೂಪಕ್ಕೆ ಕರುಳನ್ನೇ ತೂತು ಮಾಡಬಹುದು.

ನೀರಿನ ಕೊರತೆ ಎರಡನೆಯ ದೊಡ್ಡ ಕಾರಣ. ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. ಊಟದೊಳಗಿನ ನೀರೂ ಈ ಲೆಕ್ಕಕ್ಕೆ ಸೇರುತ್ತದೆ. ಅನ್ನ, ಬೇಯಿಸಿದ ಮಾಂಸದಂಥ ಮೆತ್ತನೆಯ ಊಟದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಪ್ಯಾಕೆಟ್ಟಿನ ಒಣ ಆಹಾರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಬಿಸಿಲು, ವಾಂತಿ, ಜ್ವರ, ಮೂತ್ರಪಿಂಡದ ಕಾಯಿಲೆ ಇವೆಲ್ಲ ದೇಹದ ನೀರನ್ನು ಕಳೆಯುತ್ತವೆ. ನೀರು ಕಡಿಮೆಯಾದಾಗ ದೇಹ ದೊಡ್ಡ ಕರುಳಿನಿಂದ ಇನ್ನಷ್ಟು ಹೀರಿಕೊಳ್ಳುತ್ತದೆ. ಇದನ್ನು ಮನೆಯಲ್ಲೇ ಸ್ವಲ್ಪಮಟ್ಟಿಗೆ ಗುರುತಿಸಬಹುದು. ಆರೋಗ್ಯವಂತ ನಾಯಿಯ ವಸಡು ಒದ್ದೆಯಾಗಿ ಜಾರುತ್ತದೆ, ನೀರು ಕಡಿಮೆಯಾದರೆ ಬೆರಳಿಗೆ ಅಂಟುತ್ತದೆ. ಭುಜಗಳ ನಡುವಿನ ಚರ್ಮವನ್ನು ಎತ್ತಿ ಬಿಟ್ಟರೆ ತಕ್ಷಣ ಮರಳುವ ಬದಲು ನಿಧಾನವಾಗಿ ಇಳಿಯುತ್ತದೆ.

ಇನ್ನೂ ಕೆಲವು ಕಾರಣಗಳಿವೆ. ಸಂತಾನಹರಣ ಮಾಡಿಸದ ವಯಸ್ಸಾದ ಗಂಡುನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮಲದ ದಾರಿಯನ್ನು ಒತ್ತುತ್ತದೆ. ವಾಹನ ಡಿಕ್ಕಿಯಲ್ಲಿ ಸೊಂಟದ ಮೂಳೆ ಮುರಿದು ಓರೆಯಾಗಿ ಕೂಡಿಕೊಂಡರೆ ದಾರಿ ಕಿರಿದಾಗುತ್ತದೆ. ಉದ್ದ ಕೂದಲಿನ ತಳಿಗಳಲ್ಲಿ ಮಲ ಮೆತ್ತಿದ ಕೂದಲು ಗಂಟುಗಟ್ಟಿ ಮಲದ್ವಾರವನ್ನೇ ಮುಚ್ಚುವುದುಂಟು. ಕೆಲವು ನೋವುನಿವಾರಕಗಳು ಮತ್ತು ಕಬ್ಬಿಣದ ಮಾತ್ರೆಗಳೂ ಕರುಳನ್ನು ಬಿಗಿಸುತ್ತವೆ.

ಮೂಳೆ ಮತ್ತು ನೀರಿನ ಕೊರತೆ ಎರಡೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಹಳೆ ಮೈಸೂರು ಭಾಗದ ಹೊಸತೊಡಕು ತಕ್ಕ ಉದಾಹರಣೆ. ಯುಗಾದಿಯ ಮರುದಿನ ಮನೆಮನೆಯಲ್ಲೂ ಮಾಂಸದೂಟ, ಮೇಲೆ ಬೇಸಿಗೆಯ ಬಿಸಿಲು. 12 ಕಿಲೋ ತೂಗುವ ಒಂದು ನಾಯಿಗೆ ಆ ದಿನ ಬಟ್ಟಲು ತುಂಬ ಮಟನ್ ಮೂಳೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದಕ್ಕೆ ದಿನಕ್ಕೆ 600ರಿಂದ 720 ಮಿಲಿಲೀಟರ್ ನೀರು ಬೇಕು, ಆದರೆ ಅಂಗಳದ ಬಟ್ಟಲು ಮಧ್ಯಾಹ್ನಕ್ಕೇ ಒಣಗಿದೆ. ಮರುದಿನ ಒಂದೆರಡು ಬಿಳಿಯ ಒಣ ತುಂಡುಗಳು ಬರುತ್ತವೆ. ಅದರ ಮರುದಿನ ನಾಯಿ ಬೆನ್ನು ಬಾಗಿಸಿ ಕೂರುತ್ತದೆ, ತಿಣುಕುತ್ತದೆ, ಏನೂ ಬರದೆ ಎದ್ದು ಇನ್ನೊಂದು ಜಾಗದಲ್ಲಿ ಕೂರುತ್ತದೆ. ಕೊನೆಗೆ ರಕ್ತದ ಎಳೆಯಿರುವ ಸ್ವಲ್ಪ ಲೋಳೆ ನೀರು ಬರುತ್ತದೆ. ಮನೆಯವರು ಇದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಅದೇ ದೊಡ್ಡ ತಪ್ಪು. ಗಟ್ಟಿಯಾದ ಮಲದ ಪಕ್ಕದಿಂದ ಜಿನುಗಿದ ದ್ರವ ಅದು. ಈ ಹಂತದ ನಾಯಿಗೆ ಮನೆಮದ್ದಲ್ಲ, ವೈದ್ಯರೇ ಬೇಕು.

ಮನೆಯ ಉಪಚಾರ ಸೌಮ್ಯ ತೊಂದರೆಗೆ ಮಾತ್ರ. ಒಂದು ದಿನವಷ್ಟೇ ತಪ್ಪಿದ್ದು, ನಾಯಿ ಚುರುಕಾಗಿ ಓಡಾಡುತ್ತ, ವಾಂತಿಯಿಲ್ಲದೆ ತಿನ್ನುತ್ತಿದ್ದರೆ ಪ್ರಯತ್ನಿಸಬಹುದು. ಮೊದಲ ಮದ್ದು ನೀರು. ಶುದ್ಧ ನೀರನ್ನು ಎರಡು ಮೂರು ಕಡೆ ಇಟ್ಟು, ಒಣ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಬೇಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಮಾಂಸದ ನೀರನ್ನು ಬೆರೆಸಿದರೆ ನಾಯಿ ಇಷ್ಟಪಟ್ಟು ಕುಡಿಯುತ್ತದೆ. ಸಿಪ್ಪೆ ತೆಗೆದು ಬೇಯಿಸಿ ಹಿಸುಕಿದ ಸಿಹಿಕುಂಬಳವನ್ನು 12 ಕಿಲೋದ ನಾಯಿಗೆ ಊಟದ ಜೊತೆ ಒಂದು ದೊಡ್ಡ ಚಮಚ ಕೊಡಬಹುದು. ಇಸಬ್‌ಗೋಲ್ ಆದರೆ ಅರ್ಧ ಸಣ್ಣ ಚಮಚದಷ್ಟನ್ನು ಸಾಕಷ್ಟು ನೀರಿನಲ್ಲಿ ನೆನೆಸಿಯೇ ಕೊಡಬೇಕು. ನೀರಿಲ್ಲದೆ ಕೊಟ್ಟ ನಾರು ಕರುಳಿನಲ್ಲಿ ಊದಿ ಅಡಚಣೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ದೇಹದ ನೀರು ಕಡಿಮೆಯಾದ ನಾಯಿಗಾಗಲೀ ಹೆಚ್ಚು ಮೂಳೆ ತಿಂದು ತಿಣುಕುತ್ತಿರುವ ನಾಯಿಗಾಗಲೀ ನಾರು ಸಲ್ಲದು. ಬೆಳಿಗ್ಗೆ ಸಂಜೆ ನಡೆದಾಡಿಸಿದರೆ ಕರುಳಿನ ಚಲನೆ ಹೆಚ್ಚುತ್ತದೆ.

ಮಾಡಬಾರದ್ದು ಇದಕ್ಕಿಂತ ಮುಖ್ಯ. ಹರಳೆಣ್ಣೆ ಮತ್ತು ಮನುಷ್ಯರ ಭೇದಿ ಮಾತ್ರೆಗಳು ಕರುಳನ್ನು ಬಲವಾಗಿ ಹಿಂಡುತ್ತವೆ. ದಾರಿ ಕಟ್ಟಿರುವಾಗ ಇದು ಅಪಾಯಕರ. ಲಿಕ್ವಿಡ್ ಪ್ಯಾರಾಫಿನ್‌ಗೆ ರುಚಿಯಾಗಲೀ ವಾಸನೆಯಾಗಲೀ ಇಲ್ಲದ್ದರಿಂದ, ಬಾಯಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ರಕ್ತದ ಲವಣಗಳ ಸಮತೋಲ ಕೆಡಿಸಿ ಚಿಕ್ಕ ನಾಯಿಯ ಪ್ರಾಣವನ್ನೇ ತೆಗೆಯಬಹುದು. ಮಲದ್ವಾರದಲ್ಲಿ ಕಾಣುವ ಮೂಳೆಯನ್ನೋ ದಾರವನ್ನೋ ಕೈಯಿಂದ ಎಳೆಯಬಾರದು, ಒಳಗಿನ ಗೋಡೆ ಹರಿಯುತ್ತದೆ.

ವಾಂತಿ, ಮಂಕು, ಊಟ ಬಿಡುವುದು, ಉಬ್ಬಿದ ಅಥವಾ ಮುಟ್ಟಿದರೆ ನೋಯುವ ಹೊಟ್ಟೆ, ಮಲದಲ್ಲಿ ರಕ್ತ, ಬಿಡದೆ ತಿಣುಕುವುದು ಇವುಗಳಲ್ಲಿ ಯಾವುದಿದ್ದರೂ ಎರಡು ದಿನ ಕಾಯಬಾರದು. ಮರಿಗಳ ವಿಷಯದಲ್ಲೂ ಅಷ್ಟೆ. ತಿಣುಕುವುದು ಮಲಕ್ಕೋ ಮೂತ್ರಕ್ಕೋ ಎಂಬುದನ್ನೂ ಗಮನಿಸಬೇಕು. ಮೂತ್ರ ಕಟ್ಟಿದ್ದರೆ ಅದು ತುರ್ತು ಸ್ಥಿತಿ, ಅದೇ ದಿನ ಚಿಕಿತ್ಸೆಯಾಗಬೇಕು.

ವೈದ್ಯರು ಹೊಟ್ಟೆಯನ್ನು ಒತ್ತಿ, ಗುದನಾಳವನ್ನು ಬೆರಳಿನಿಂದ ಪರೀಕ್ಷಿಸುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಚೂರುಗಳು ಬೆಳ್ಳಗೆ ಕಾಣುತ್ತವೆ. ಮೊದಲು ಡ್ರಿಪ್ ಹಾಕಿ ದೇಹದ ನೀರನ್ನು ತುಂಬಿಸುತ್ತಾರೆ, ಆಮೇಲೆ ಉಗುರುಬೆಚ್ಚಗಿನ ನೀರಿನ ಎನಿಮಾ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಗಟ್ಟಿ ಮಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರತೆಗೆಯುತ್ತಾರೆ. ನಂತರ ಕೆಲ ದಿನ ಮಲವನ್ನು ಮೆತ್ತಗಿಡಲು ಲ್ಯಾಕ್ಟುಲೋಸ್ ಬರೆದುಕೊಡುವುದುಂಟು. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ವೈದ್ಯರ ಬಳಿ ಹೋದಾಗ ನಾಯಿ ಏನು, ಎಷ್ಟು, ಯಾವಾಗ ತಿಂದಿತು, ಕೊನೆಯ ಬಾರಿ ಮಲ ಬಂದದ್ದು ಯಾವಾಗ, ಮನೆಯಲ್ಲಿ ಏನೇನು ಕೊಟ್ಟಿದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮಾಂಸದೂಟದ ದಿನ ನಾಯಿಗೂ ಪಾಲು ಕೊಡುವ ಮನಸ್ಸಿದ್ದರೆ, ಮಸಾಲೆ ಹಾಕುವ ಮುನ್ನ ತೆಗೆದಿಟ್ಟ ಮೂಳೆಯಿಲ್ಲದ ಬೆಂದ ತುಂಡುಗಳನ್ನು ಕೊಡಿ, ನೀರಿನ ಬಟ್ಟಲನ್ನು ತುಂಬಿಡಿ.