ಅಶ್ವಗಂಧ: ಡಬ್ಬಿ ತೆರೆಯುವ ಮುನ್ನ

ನಮ್ಮ ಹಳ್ಳಿಗಳಲ್ಲಿ ಹಿರೇಮದ್ದು ಎಂದು ಕರೆಯುವ ಅಶ್ವಗಂಧ, ಬದನೆ ಮತ್ತು ಟೊಮೆಟೊ ಕುಟುಂಬಕ್ಕೆ ಸೇರಿದ ಗಿಡ. ಅದರ ಬೇರಿನಿಂದ ಮಾಡಿದ ಮಾತ್ರೆಗಳು ಈಗ ಶಕ್ತಿಗೆ, ನಿದ್ದೆಗೆ, ಒತ್ತಡಕ್ಕೆಂದು ಮಾರಾಟವಾಗುತ್ತಿವೆ.

ಇದಕ್ಕೆ ಪುರಾವೆ ಇಲ್ಲದೇ ಇಲ್ಲ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ ಸದಾ ಒತ್ತಡದಲ್ಲಿದ್ದ 64 ಮಂದಿ ಪಾಲ್ಗೊಂಡಿದ್ದರು. ಅರ್ಧದಷ್ಟು ಜನ 300 ಮಿಲಿಗ್ರಾಂ ಬೇರಿನ ಸಾರವನ್ನು ದಿನಕ್ಕೆರಡು ಬಾರಿ, 60 ದಿನ ಸೇವಿಸಿದರು; ಉಳಿದವರಿಗೆ ಔಷಧವಿಲ್ಲದ, ಹಾಗೆಯೇ ಕಾಣುವ ಮಾತ್ರೆ. ಸಾರ ಸೇವಿಸಿದವರಲ್ಲಿ ಒತ್ತಡವೂ ಕಾರ್ಟಿಸಾಲ್ ಹಾರ್ಮೋನೂ ಹೆಚ್ಚು ಇಳಿದವು. ವ್ಯಾಯಾಮ ಮಾಡುವ ಯುವಕರಲ್ಲಿ ಸ್ನಾಯುಬಲ ಹೆಚ್ಚಿದ್ದನ್ನೂ ಇನ್ನೊಂದು ಅಧ್ಯಯನ ತೋರಿಸಿದೆ. ಆದರೆ ಇವೆಲ್ಲ ಕೆಲವೇ ಜನರ ಮೇಲೆ, ಎರಡು ತಿಂಗಳಷ್ಟೇ ನಡೆದ ಪ್ರಯೋಗಗಳು. ವರ್ಷಗಟ್ಟಲೆ ಸೇವಿಸಿದರೆ ಏನಾಗುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಡಬ್ಬಿಯ ಮೇಲಿನ ಮಿಲಿಗ್ರಾಂ ಒಂದನ್ನೇ ನೋಡಿದರೆ ಸಾಲದು. 300 ಮಿಲಿಗ್ರಾಂ ಸಾರದಲ್ಲಿ ಶೇ 5ರಷ್ಟು ವಿಥನೊಲೈಡ್ ಇದ್ದರೆ ದೇಹಕ್ಕೆ ಸಿಗುವುದು 15 ಮಿಲಿಗ್ರಾಂ. ಶೇ 35 ಇರುವ ಸಾರವಾದರೆ 120 ಮಿಲಿಗ್ರಾಂನಲ್ಲೇ 42 ಸೇರುತ್ತದೆ. ಕಡಿಮೆ ತೂಕದ ಮಾತ್ರೆಯೇ ಹೆಚ್ಚು ಪ್ರಬಲವಾಗಿರಬಹುದು. ಹಾಲಿಗೆ ಬೆರೆಸುವ ಚೂರ್ಣದ ಅಳತೆಯನ್ನು ಮಾತ್ರೆಗೆ ಅನ್ವಯಿಸಬೇಡಿ. ಬೇರಿನದೋ, ಎಲೆಯನ್ನೂ ಸೇರಿಸಿದ್ದೋ ಎಂದು ಓದಿ ನೋಡಿ. ಎಲೆ ಬಳಸದಂತೆ ಆಯುಷ್ ಸಚಿವಾಲಯ 2021ರಲ್ಲಿ ಸೂಚಿಸಿದೆ.

ಹೆಚ್ಚು ಎಚ್ಚರ ಬೇಕಿರುವುದು ಯಕೃತ್ತಿನ ವಿಷಯದಲ್ಲಿ. 2020ರಲ್ಲಿ ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು ಐವರ ವಿವರ ಪ್ರಕಟಿಸಿದರು. ಸೇವನೆ ಶುರುವಾದ 2ರಿಂದ 12 ವಾರಗಳಲ್ಲಿ ಅವರಿಗೆ ಕಾಮಾಲೆ, ತುರಿಕೆ ಕಾಣಿಸಿಕೊಂಡವು. ಕೆಲವು ತಿಂಗಳಲ್ಲಿ ನಾಲ್ವರು ಚೇತರಿಸಿಕೊಂಡರು; ಐದನೆಯವರ ಮುಂದಿನ ಮಾಹಿತಿ ವೈದ್ಯರಿಗೆ ಸಿಗಲಿಲ್ಲ. ಭಾರತದ 2023ರ ವರದಿಯಲ್ಲಿ, ಮೊದಲೇ ಯಕೃತ್ತಿನ ಕಾಯಿಲೆಯಿದ್ದ ಮೂವರು ಬದುಕುಳಿಯಲಿಲ್ಲ. ಇಂಥ ಪ್ರಕರಣಗಳು ಅಪರೂಪ. ಆದರೆ ಯಾರಿಗೆ ಆಗುತ್ತದೆಂದು ಮುಂಚೆ ಹೇಳಲಾಗದು. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈಯೆಲ್ಲ ತುರಿಸಿದರೆ ಮಾತ್ರೆ ನಿಲ್ಲಿಸಿ, ಅಂದೇ ವೈದ್ಯರಲ್ಲಿ ಯಕೃತ್ತಿನ ರಕ್ತಪರೀಕ್ಷೆ ಕೇಳಿ.

ಥೈರಾಯ್ಡ್ ಕಡಿಮೆಯಿದ್ದು ಮಾತ್ರೆ ತೆಗೆದುಕೊಳ್ಳುವ ಗೃಹಿಣಿಯೊಬ್ಬರು ಸುಸ್ತಿಗೆಂದು ಅಶ್ವಗಂಧ ಶುರುಮಾಡುತ್ತಾರೆ ಎಂದುಕೊಳ್ಳಿ. ಈ ಬೇರು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಎರಡೂ ಸೇರಿ ಎದೆ ಡವಗುಟ್ಟಿ, ಕೈ ನಡುಗಿ, ತೂಕ ಇಳಿಯಬಹುದು. ಹಾಗಾಗಿ ವೈದ್ಯರಿಗೆ ಮೊದಲೇ ಹೇಳಬೇಕು. ಸಕ್ಕರೆ, ರಕ್ತದೊತ್ತಡ, ನಿದ್ದೆ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಿಗೂ ಇದೇ ಮಾತು. ಜಿನ್ಸೆಂಗ್ ಕೂಡ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸಬಲ್ಲದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಯಕೃತ್ತಿನ ಕಾಯಿಲೆ ಇರುವವರು ಅಶ್ವಗಂಧದ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಉಳಿದ ಆರೋಗ್ಯವಂತರು ಬಳಸುವುದಾದರೆ ಒಂದೇ ಗಿಡದ ಉತ್ಪನ್ನ ಆರಿಸಿ, ಎರಡು ತಿಂಗಳಿಗೆ ನಿಲ್ಲಿಸಿ ಗಮನಿಸಲಿ. ಸುಸ್ತು ಹಾಗೆಯೇ ಉಳಿದರೆ ಇನ್ನೊಂದು ಡಬ್ಬಿ ಕೊಳ್ಳುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷಿಸಿಕೊಳ್ಳಲಿ.