ಒಂದು ಸೊನ್ನೆ ಹೆಚ್ಚಾದ ಸಂಜೆ

2024ರ ಫೆಬ್ರುವರಿ 13ರಂದು ಅಮೆರಿಕದ ಟ್ಯಾಕ್ಸಿ ಆ್ಯಪ್ ಕಂಪನಿ ಲಿಫ್ಟ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿದಾಗ ಅಲ್ಲಿನ ಷೇರುಪೇಟೆ ಆಗಷ್ಟೇ ಬಾಗಿಲು ಹಾಕಿತ್ತು. ಹೊಸ ವರ್ಷದಲ್ಲಿ ಲಾಭದ ಮಾರ್ಜಿನ್ ಶೇ 5ರಷ್ಟು ಅಂಶ ಹೆಚ್ಚಲಿದೆ ಎಂದು ಪ್ರಕಟಣೆ ಹೇಳಿತ್ತು. ಸುಮಾರು 12 ಡಾಲರ್‌ನಲ್ಲಿದ್ದ ಷೇರು ನೋಡನೋಡುತ್ತಿದ್ದಂತೆ ಶೇ 60ಕ್ಕೂ ಹೆಚ್ಚು ಜಿಗಿಯಿತು.

ಗಂಟೆಯೊಳಗೆ ಕಂಪನಿಯ ಹಣಕಾಸು ಮುಖ್ಯಸ್ಥೆ ತಪ್ಪನ್ನು ತಿದ್ದಿದರು. ಸೊನ್ನೆಯೊಂದು ಹೆಚ್ಚಾಗಿತ್ತು, ನಿಜವಾದ ಅಂಕಿ ಅರ್ಧ ಅಂಶ ಮಾತ್ರ. ಏರಿಕೆಯ ಬಹುಪಾಲು ಕರಗಿತು. ಶಿಖರದಲ್ಲಿ ಕೊಂಡವರು ಸಿಕ್ಕಿಬಿದ್ದರು.

ನ್ಯೂಯಾರ್ಕ್‌ನಲ್ಲಿ ಮುಖ್ಯ ವಹಿವಾಟು ಬೆಳಗ್ಗೆ 9.30ರಿಂದ ಸಂಜೆ 4ರವರೆಗೆ. ಅದಕ್ಕೂ ಮುಂಚೆ ನಸುಕಿನ 4ರಿಂದಲೇ, ಆಮೇಲೆ ರಾತ್ರಿ 8ರವರೆಗೂ ಎಲೆಕ್ಟ್ರಾನಿಕ್ ಜಾಲಗಳಲ್ಲಿ ಷೇರು ಕೈ ಬದಲಾಗುತ್ತಿರುತ್ತದೆ. ಕಂಪನಿಗಳು ಫಲಿತಾಂಶ ಕೊಡುವುದೂ ಹೆಚ್ಚಾಗಿ ಈ ಹೊತ್ತಿನಲ್ಲೇ. ಸುದ್ದಿ ದೊಡ್ಡದು, ಕೊಳ್ಳುವವರು ಮಾರುವವರು ಕಡಿಮೆ. ತಪ್ಪು ಬೆಲೆ ಹುಟ್ಟುವುದು ಈ ಅಂತರದಲ್ಲಿ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಹಗಲಿನಲ್ಲಿ 12 ಡಾಲರ್‌ಗೆ ಮುಗಿದ ಷೇರಿಗೆ ರಾತ್ರಿ ಮೂವರು ಮಾತ್ರ ಮಾರಾಟಗಾರರಿದ್ದಾರೆ: 12.50ಕ್ಕೆ 100 ಷೇರು, 13ಕ್ಕೆ 200, 14.50ಕ್ಕೆ 100. ಯಾರೋ 14.50ರವರೆಗೆ ಕೊಡಲು ಸಿದ್ಧನಾಗಿ 400 ಷೇರಿಗೆ ಆರ್ಡರ್ ಹಾಕಿದರೆ ಮೂರೂ ಖಾಲಿ. ಪರದೆಯ ಮೇಲೆ ಕೊನೆಯ ಬೆಲೆ 14.50, ಏರಿಕೆ ಸುಮಾರು ಶೇ 21. ಆಗ ಕೊಳ್ಳಲು ಮುಂದೆ ಬಂದಿರುವವನು ಕೊಡುವುದು 11.80 ಮಾತ್ರ ಆಗಿದ್ದರೆ, ಆ 14.50ಕ್ಕೆ ಮಾರಲು ಹೊರಟವನಿಗೆ ಗಿರಾಕಿಯೇ ಇಲ್ಲ. ಹಗಲಿನಲ್ಲಿ ಅದೇ 400 ಷೇರಿಗೆ ಬೆಲೆ ಒಂದೆರಡು ಸೆಂಟ್ ಕದಲುವುದೂ ಕಷ್ಟ.

ವಿಪರೀತ ಏರಿಳಿತವನ್ನು ಹಗಲಲ್ಲಿ ತಡೆಯುವ ಬೆಲೆಮಿತಿಯ ನಿಯಮವೂ ಈ ಹೊತ್ತಿನಲ್ಲಿ ಅನ್ವಯಿಸುವುದಿಲ್ಲ.

ಹಾಗೆಂದು ರಾತ್ರಿಯ ಬೆಲೆಯೆಲ್ಲ ಸುಳ್ಳಲ್ಲ. ಲಿಫ್ಟ್‌ನ ಫಲಿತಾಂಶ ನಿಜಕ್ಕೂ ಚೆನ್ನಾಗಿಯೇ ಇತ್ತು. ಮರುದಿನ ಷೇರು ಶೇ 35ರಷ್ಟು ಏರಿಯೇ ಮುಗಿಯಿತು. ರಾತ್ರಿಯ ಪೇಟೆ ದಿಕ್ಕನ್ನು ಸರಿಯಾಗಿ ಹೇಳಿತ್ತು, ಅಳತೆಯಲ್ಲಿ ಎಡವಿತ್ತು.

ನಮ್ಮಲ್ಲಿ ಬೆಳಗ್ಗೆ 9ಕ್ಕೆ ಶುರುವಾಗುವ ಪ್ರೀ-ಓಪನ್ ಇದಕ್ಕಿಂತ ಬೇರೆ. ಅಲ್ಲಿ ಆರ್ಡರ್‌ಗಳನ್ನೆಲ್ಲ ಒಟ್ಟುಗೂಡಿಸಿ, ಅತಿ ಹೆಚ್ಚು ಷೇರು ಕೈ ಬದಲಾಗಬಲ್ಲ ಒಂದೇ ಬೆಲೆಯನ್ನು ನಿಗದಿ ಮಾಡುತ್ತಾರೆ. ಆದರೆ ಇನ್ಫೊಸಿಸ್, ವಿಪ್ರೊಗಳ ಎಡಿಆರ್ ನ್ಯೂಯಾರ್ಕ್‌ನಲ್ಲಿ ವಹಿವಾಟಾಗುವುದರಿಂದ ಅಲ್ಲಿನ ಅಕಾಲದ ಬೆಲೆ ಬೆಂಗಳೂರಿನ ಮೊಬೈಲ್‌ಗೂ ಬರುತ್ತದೆ. ಅದನ್ನು ಕಂಡಾಗ ಶೇಕಡಾವಾರು ಏರಿಕೆಗೆ ಮೊದಲು ಎಷ್ಟು ಷೇರು ಕೈ ಬದಲಾಗಿದೆ, ಕೇಳುವ ಬೆಲೆಗೂ ಕೊಡುವ ಬೆಲೆಗೂ ಎಷ್ಟು ಅಂತರವಿದೆ ಎಂಬುದನ್ನು ನೋಡಿ. ವಹಿವಾಟು ಕೆಲವೇ ನೂರು ಷೇರಿನದ್ದಾಗಿದ್ದರೆ ಮುಖ್ಯ ಪೇಟೆ ತೆರೆಯುವವರೆಗೆ ಕಾಯುವುದೇ ಲೇಸು.