ಕಲ್ಲಿನ ರಥ ಕದಲದಿರಲಿ, ಕ್ಯಾಮೆರಾ ಸರಿಯಲಿ

ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ರಥದ ಫೋಟೊ ಒಂದನ್ನು, ಚಿತ್ರದಿಂದ ವಿಡಿಯೊ ಮಾಡಿಕೊಡುವ ಎಐ ತಂತ್ರಾಂಶಕ್ಕೆ ಹಾಕಿ ‘ಈ ಸುಂದರ ರಥಕ್ಕೆ ಜೀವ ತುಂಬು’ ಎಂದಷ್ಟೇ ಬರೆದು ನೋಡಿ. ಐದು ಸೆಕೆಂಡಿನ ಕ್ಲಿಪ್ ಬರುತ್ತದೆ. ಅದರಲ್ಲಿ ಕಲ್ಲಿನ ಚಕ್ರ ಉರುಳುವ, ಮುಂದಿರುವ ಆನೆಗಳು ಸೊಂಡಿಲಾಡಿಸಿ ಹೆಜ್ಜೆ ಹಾಕುವ ಸಾಧ್ಯತೆ ಬಹಳ. ಶೀರ್ಷಿಕೆ, ವಿವರಣೆಗಳ ಜೊತೆಗಿದ್ದ ಲೆಕ್ಕವಿಲ್ಲದಷ್ಟು ವಿಡಿಯೊಗಳನ್ನು ನೋಡಿ ಕಲಿತ ತಂತ್ರಾಂಶ ಅದು. ಅದು ಕಂಡ ರಥಗಳೆಲ್ಲ ಚಲಿಸುತ್ತಿದ್ದವು, ಆನೆಗಳೆಲ್ಲ ನಡೆಯುತ್ತಿದ್ದವು. ಇದು ರಥದ ರೂಪದಲ್ಲಿ ಕಟ್ಟಿದ ಗರುಡನ ಗುಡಿ, ನೆಲಬಿಟ್ಟು ಕದಲುವಂಥದ್ದಲ್ಲ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ನಾವೇ ಬರೆದು ತಿಳಿಸಬೇಕು.

ಹೊಸಬರು ಪ್ರಾಂಪ್ಟಿನಲ್ಲಿ ಸಾಮಾನ್ಯವಾಗಿ ಚಿತ್ರವನ್ನೇ ವರ್ಣಿಸುತ್ತಾರೆ: ಹದಿನಾರನೇ ಶತಮಾನದ ರಥ, ಅದ್ಭುತ ಕೆತ್ತನೆ, ಬಂಗಾರದ ಸಂಜೆಬೆಳಕು. ಅದನ್ನೆಲ್ಲ ಚಿತ್ರ ಆಗಲೇ ಹೇಳಿಬಿಟ್ಟಿದೆ. ಚಿತ್ರ ಹೇಳಲಾರದ್ದು ಮುಂದಿನ ಐದು ಸೆಕೆಂಡುಗಳಲ್ಲಿ ಏನು ಆಗಬೇಕು ಎಂಬುದನ್ನು ಮಾತ್ರ. ಯಾವುದು ಸರಿಯಬೇಕು, ಯಾವ ಕಡೆಗೆ, ಎಷ್ಟು ನಿಧಾನವಾಗಿ, ಯಾವುದು ಇದ್ದಲ್ಲೇ ಇರಬೇಕು ಎಂಬುದಕ್ಕೆ ಪ್ರಾಂಪ್ಟಿನ ಮಾತುಗಳು ಮೀಸಲಾಗಬೇಕು.

ರಥ ಚಲಿಸಬಾರದು ಎಂದಾದರೆ ಉಳಿದ ದಾರಿ ಕ್ಯಾಮೆರಾವನ್ನು ಚಲಿಸುವುದು. ಆಳದ ಪ್ರಶ್ನೆ ಬರುವುದು ಇಲ್ಲೇ. ಓಡುವ ಬಸ್ಸಿನ ಕಿಟಕಿಯಲ್ಲಿ ರಸ್ತೆಬದಿಯ ಮರಗಳು ಸರಸರನೆ ಹಿಂದಕ್ಕೆ ಹೋಗುತ್ತವೆ, ಹೊಲದಾಚೆಯ ಮನೆಗಳು ನಿಧಾನವಾಗಿ ಸರಿಯುತ್ತವೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತಿರುವಂತೆ ಕಾಣುತ್ತದೆ. ಚಪ್ಪಟೆ ಪರದೆಯ ಮೇಲೆ ದೂರ, ಹತ್ತಿರಗಳನ್ನು ಕಣ್ಣು ಅಳೆಯುವುದು ಬಹುಮಟ್ಟಿಗೆ ಈ ವೇಗಗಳ ವ್ಯತ್ಯಾಸದಿಂದ. ವಾಲ್ಟ್ ಡಿಸ್ನಿಯ ಸ್ಟುಡಿಯೊ 1937ರ ‘ದಿ ಓಲ್ಡ್ ಮಿಲ್’ ಕಿರುಚಿತ್ರದಲ್ಲಿ ಇದನ್ನು ಯಂತ್ರದಿಂದಲೇ ಸಾಧಿಸಿತ್ತು. ಒಂದರ ಕೆಳಗೊಂದು ಇಟ್ಟ ಗಾಜುಗಳ ಮೇಲೆ ಮುಂದಿನ, ನಡುವಿನ, ಹಿಂದಿನ ದೃಶ್ಯಗಳನ್ನು ಬೇರೆಬೇರೆಯಾಗಿ ಬರೆದು, ಪ್ರತಿ ಪದರವನ್ನೂ ಅದರದೇ ವೇಗದಲ್ಲಿ ಸರಿಸಿ, ಮೇಲಿನಿಂದ ಕ್ಯಾಮೆರಾ ಹಿಡಿದಿದ್ದರು. ಅಲ್ಲಿ ಕೈ ಮಾಡಿದ ಕೆಲಸವನ್ನು ಇಲ್ಲಿ ವಾಕ್ಯ ಮಾಡಬೇಕು.

ಝೂಮ್ ಈ ಕೆಲಸ ಮಾಡಲಾರದು. ಝೂಮ್ ಮಾಡಿದಾಗ ಹತ್ತಿರದ್ದೂ ದೂರದ್ದೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಕಂಬದ ಹಿಂದೆ ಅಡಗಿದ್ದ ಚಕ್ರ ಅಡಗಿಯೇ ಇರುತ್ತದೆ. ಕ್ಯಾಮೆರಾವೇ ಜಾಗ ಬದಲಿಸಿದಾಗ ಮಾತ್ರ ಅದು ಹೊರಗೆ ಇಣುಕುತ್ತದೆ. ಬಂದ ಕ್ಲಿಪ್ಪಿನಲ್ಲಿ ಆಳ ನಿಜಕ್ಕೂ ಇದೆಯೇ ಎಂದು ನೋಡಲು ಇದೇ ಪರೀಕ್ಷೆ: ಮುಂದಿನ ವಸ್ತುವಿನ ಅಂಚಿನಲ್ಲಿ ಹಿಂದಿನದು ಹೊಸದಾಗಿ ಕಾಣಿಸಿಕೊಂಡಿತೇ, ಇಲ್ಲವೇ?

ಹಾಗಾಗಿ ಫೋಟೊದಲ್ಲೇ ಪದರಗಳಿರಬೇಕು. ರಥವನ್ನು ಎದುರಿಗೆ ನಿಂತು ಚೌಕಟ್ಟು ತುಂಬ ತೆಗೆದ ಚಿತ್ರಕ್ಕಿಂತ, ಮಂಟಪದ ಒಳಗಿನಿಂದ ಒಂದು ಕಂಬವನ್ನು ಎಡಕ್ಕೆ ಸೇರಿಸಿಕೊಂಡು ತೆಗೆದ ಚಿತ್ರ ಎಷ್ಟೋ ಮೇಲು. ಕಂಬ ಮೂರು ಮೀಟರ್ ದೂರದಲ್ಲಿದೆ, ರಥ ಹದಿನೈದು ಮೀಟರ್, ಹಿಂದಿನ ಬಂಡೆಗುಡ್ಡ ಐನೂರು ಮೀಟರ್ ಎಂದಿಟ್ಟುಕೊಳ್ಳಿ. ಚಿತ್ರದ ಅಗಲ 1280 ಪಿಕ್ಸೆಲ್, ಲೆನ್ಸ್ ಅಡ್ಡಕ್ಕೆ 60 ಡಿಗ್ರಿಯಷ್ಟು ನೋಡುತ್ತದೆ. ಕ್ಯಾಮೆರಾವನ್ನು ಮೂವತ್ತು ಸೆಂಟಿಮೀಟರ್ ಬಲಕ್ಕೆ ಸರಿಸಿದರೆ ಕಂಬ ಸುಮಾರು 110 ಪಿಕ್ಸೆಲ್ ಎಡಕ್ಕೆ ಹೋಗುತ್ತದೆ, ರಥ 22 ಪಿಕ್ಸೆಲ್, ಗುಡ್ಡ ಒಂದು ಪಿಕ್ಸೆಲ್ ಕೂಡ ಇಲ್ಲ.

ಆದರೆ ಪ್ರಾಂಪ್ಟಿನಲ್ಲಿ ‘ಮೂವತ್ತು ಸೆಂಟಿಮೀಟರ್’ ಎಂದು ಬರೆದು ಪ್ರಯೋಜನವಿಲ್ಲ. ತಂತ್ರಾಂಶದ ಬಳಿ ಅಳತೆಪಟ್ಟಿ ಇಲ್ಲ. ಸಿನಿಮಾದವರ ಪ್ಯಾನ್, ಟ್ರ್ಯಾಕ್, ಡಾಲಿ ಎಂಬ ಪದಗಳು ಅದಕ್ಕೆ ಗೊತ್ತು, ಆದರೂ ನಿಂತಲ್ಲೇ ಕ್ಯಾಮೆರಾ ತಿರುಗಿಸುವ ಪ್ಯಾನಿಗೂ ಕ್ಯಾಮೆರಾವನ್ನೇ ಪಕ್ಕಕ್ಕೆ ಒಯ್ಯುವ ಟ್ರ್ಯಾಕಿಗೂ ಅದು ಆಗಾಗ ಗೊಂದಲ ಮಾಡಿಕೊಳ್ಳುತ್ತದೆ. ಆದ್ದರಿಂದ ಕ್ಯಾಮೆರಾದ ಚಲನೆಯನ್ನು ಒಂದು ವಾಕ್ಯದಲ್ಲಿ ಹೇಳಿ, ಅದರಿಂದ ಪ್ರತಿ ಪದರದಲ್ಲಿ ಪರದೆಯ ಮೇಲೆ ಏನು ಕಾಣಬೇಕು ಎಂಬುದನ್ನೂ ಹೇಳುವುದು ವಾಸಿ. ಇಂಗ್ಲಿಷಿನಲ್ಲಿ ಟೈಪಿಸುವುದಾದರೆ ಹೀಗೆ:

```
Slow camera slide to the right at eye level.
The pillar in the foreground drifts left.
The stone chariot behind it shifts only slightly;
the far hills stay almost still.
Chariot and elephants are solid carved granite,
rigid, fixed to the ground.
Dry grass stirs in a light breeze.
```

ಮೊದಲ ಸಾಲು ಕ್ಯಾಮೆರಾದ್ದು, ಅದೂ ಒಂದೇ ಚಲನೆ. ಐದು ಸೆಕೆಂಡಿನಲ್ಲಿ ಬಲಕ್ಕೆ ಸರಿದು, ಮೇಲೆದ್ದು, ಹತ್ತಿರಕ್ಕೂ ಹೋಗಲಿ ಎಂದರೆ ಯಾವುದೂ ನೆಟ್ಟಗಾಗುವುದಿಲ್ಲ. ಆಮೇಲಿನದು ಕಂಬ, ರಥ, ಗುಡ್ಡಗಳ ವೇಗದ ತಾರತಮ್ಯ. ‘ಚಕ್ರ ತಿರುಗಬಾರದು’ ಎಂದು ನಾನು ಬೇಕೆಂದೇ ಬರೆದಿಲ್ಲ. ಇಂಥ ತಂತ್ರಾಂಶಗಳು ನಿಷೇಧವನ್ನು ಸರಿಯಾಗಿ ಗ್ರಹಿಸುವುದಿಲ್ಲ. ಚಕ್ರ, ತಿರುಗು ಎಂಬ ಎರಡು ಮಾತುಗಳು ಒಟ್ಟಿಗೆ ಕಿವಿಗೆ ಬಿದ್ದರೆ ಅದನ್ನೇ ಮಾಡಿ ತೋರಿಸುವುದುಂಟು. ಬೇಡವಾದದ್ದನ್ನು ಬರೆಯಲು ಪ್ರತ್ಯೇಕ ಜಾಗವಿರುವ ತಂತ್ರಾಂಶವಾದರೆ ಅಲ್ಲಿ ಬರೆಯಬಹುದು. ಇಲ್ಲದಿದ್ದರೆ ‘ಗಟ್ಟಿ ಕಲ್ಲು, ನೆಲಕ್ಕೆ ಊರಿಕೊಂಡಿದೆ’ ಎಂದು ಇರುವುದನ್ನೇ ಹೇಳುವುದು ಸರಿಯಾದ ದಾರಿ. ಕೊನೆಯ ಸಾಲಿನ ಹುಲ್ಲು ಅಲಂಕಾರಕ್ಕಲ್ಲ. ಅಲುಗಾಡಲು ಯೋಗ್ಯವಾದ ಒಂದು ವಸ್ತುವನ್ನು ನಾವೇ ತೋರಿಸದಿದ್ದರೆ ತಂತ್ರಾಂಶ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ, ಅದು ಆನೆಯ ಕಿವಿಯೇ ಆಗಬಹುದು.

ಇನ್ನು ನನಗೆ ಮುಖ್ಯವೆನಿಸುವ ಮಾತು. ಕಂಬ 110 ಪಿಕ್ಸೆಲ್, ರಥ 22 ಪಿಕ್ಸೆಲ್ ಸರಿದಾಗ ಕಂಬದ ಬಲ ಅಂಚಿನಲ್ಲಿ ರಥದ 88 ಪಿಕ್ಸೆಲ್‌ನಷ್ಟು ಅಗಲದ ಭಾಗ ಹೊಸದಾಗಿ ಬಯಲಾಗುತ್ತದೆ. ಫೋಟೊದಲ್ಲಿ ಆ ಭಾಗ ಇರಲೇ ಇಲ್ಲ. ಅಲ್ಲಿ ಕಾಣುವ ಕೆತ್ತನೆ ವಿಜಯನಗರದ ಶಿಲ್ಪಿಯದಲ್ಲ, ತಂತ್ರಾಂಶ ಊಹಿಸಿ ತುಂಬಿದ್ದು. ಚಿತ್ರದ ಬಲ ಅಂಚಿನಲ್ಲಿ ಒಳಬರುವ ದೃಶ್ಯವೂ ಅಂಥದ್ದೇ. ಕ್ಯಾಮೆರಾ ಒಂದು ಮೀಟರ್ ಸರಿದರೆ ಈ ಊಹೆಯ ಪಟ್ಟಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ರಥವನ್ನು ಸುತ್ತಿಬರಲಿ ಎಂದರೆ ಹಿಂಭಾಗವೆಲ್ಲ ಕಟ್ಟುಕಥೆ. ಕಾಲ್ಪನಿಕ ಚಿತ್ರಕ್ಕೆ ಇದರಿಂದ ತೊಂದರೆಯಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ಅಚ್ಚಾಗಿರುವ, ಲಕ್ಷಾಂತರ ಜನ ಕಣ್ಣಾರೆ ಕಂಡ ರಥಕ್ಕೆ ಇಲ್ಲದ ಕೆತ್ತನೆ ಅಂಟಿಸುವುದು ಸುಳ್ಳು. ಆದ್ದರಿಂದ ಪ್ರಾಂಪ್ಟಿನ ‘ನಿಧಾನ’, ‘ಸ್ವಲ್ಪವೇ’ ಎಂಬ ಮಾತುಗಳು ಬರೀ ಸೊಗಸಿಗಲ್ಲ, ಯಂತ್ರ ಎಷ್ಟು ಕಲ್ಪಿಸಬೇಕು ಎಂಬುದಕ್ಕೆ ಹಾಕಿದ ಬೇಲಿ ಅವು.

ಕ್ಲಿಪ್ ಬಂದ ಮೇಲೆ ಕೊನೆಯ ಫ್ರೇಮಿನಲ್ಲಿ ನಿಲ್ಲಿಸಿ ಮೂಲ ಫೋಟೊದ ಪಕ್ಕದಲ್ಲಿಟ್ಟು ನೋಡಬೇಕು. ಆನೆಯ ಕಾಲುಗಳು ಅಷ್ಟೇ ಇವೆಯೇ, ಚಕ್ರದ ಹೂವಿನ ಸಾಲು ಕರಗಿ ಬೇರೆಯಾಗಿದೆಯೇ, ಕಂಬದ ಅಂಚು ನೀರಿನಂತೆ ಅಲೆದಾಡುತ್ತಿದೆಯೇ? ಇವುಗಳಲ್ಲಿ ಒಂದು ಕೆಟ್ಟಿದ್ದರೂ ಚಲನೆಯನ್ನು ಇನ್ನಷ್ಟು ಕಡಿಮೆ ಮಾಡಿ ಮತ್ತೆ ಬರೆಯಬೇಕು.

ಇದಕ್ಕಿಂತ ಒಳ್ಳೆಯ ಉಪಾಯ ಸ್ಥಳದಲ್ಲೇ ಇದೆ. ಈಗ ಹಲವು ತಂತ್ರಾಂಶಗಳು ಮೊದಲ ಫ್ರೇಮಿನ ಜೊತೆಗೆ ಕೊನೆಯ ಫ್ರೇಮನ್ನೂ ಕೊಡಲು ಬಿಡುತ್ತವೆ. ಹಂಪಿಗೆ ಹೋದಾಗ ಒಂದು ಫೋಟೊ ತೆಗೆದು, ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ ಫೋನ್ ಹಿಡಿದು ಒಂದು ಗೇಣಿಗಿಂತ ತುಸು ಹೆಚ್ಚು ಬಲಕ್ಕೆ ಸರಿದು ಇನ್ನೊಂದು ತೆಗೆದುಕೊಳ್ಳಿ. ಕಂಬದ ಮರೆಯಲ್ಲಿದ್ದ ಚಕ್ರದ ಭಾಗ ಎರಡನೆಯದರಲ್ಲಿ ಸಾಕ್ಷಾತ್ ಇರುತ್ತದೆ. ಆಗ ತಂತ್ರಾಂಶಕ್ಕೆ ಉಳಿಯುವುದು ಎರಡು ನಿಜಗಳ ನಡುವಿನ ನೂರಿಪ್ಪತ್ತು ಚಿಲ್ಲರೆ ಫ್ರೇಮುಗಳನ್ನು ತುಂಬುವ ಕೆಲಸ, ಪ್ರಾಂಪ್ಟಿಗೆ ಉಳಿಯುವುದು ವೇಗ ಮತ್ತು ಹುಲ್ಲು.